‘ತ’ ಅಕ್ಷರದ ಹೆಸರು, ಹೊರದೇಶದಲ್ಲೂ ಬಾಯಿಗೆ ಬರುವಂಥದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದವಳು. ನನ್ನ ತಂಗಿ ಮತ್ತು ಅವಳ ಗಂಡ ಜರ್ಮನಿಯಲ್ಲಿದ್ದಾರೆ. ಅವರಿಗೆ ಮಗಳು ಹುಟ್ಟಿದಾಗ ತೀರ್ಥಹಳ್ಳಿ ಕಡೆಯ ಅವಳ ಮಾವನವರು ಒಂದೇ ಮಾತು ಹೇಳಿದರು: “ನಕ್ಷತ್ರದ ಅಕ್ಷರದಲ್ಲೇ ಹೆಸರು ಬರಲಿ, ಉಳಿದದ್ದು ನೀವೇ ನೋಡಿಕೊಳ್ಳಿ.” ಹೆಸರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಆಮೇಲೆ ನಂಟರು, ಪರಿಚಯದವರು ಒಬ್ಬೊಬ್ಬರಾಗಿ ಫೋನ್ ಮಾಡಿ ಕೇಳತೊಡಗಿದರು. ಅವರು ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮ್ಮ ಮನೆಯ ‘ತ’ ಅಕ್ಷರವನ್ನೇ ಹಿಡಿದುಕೊಂಡಿದ್ದೇನೆ. ನಿಮ್ಮದು ಬೇರೆ ಅಕ್ಷರವಾದರೂ ದಾರಿ ಇದೇ.

ಮಗು ಹೊರದೇಶದಲ್ಲಿ ಹುಟ್ಟಿದೆ. ಅಕ್ಷರ ಯಾವ ಊರಿನ ಟೈಮಿಗೆ ನೋಡಬೇಕು?

ಎಲ್ಲಕ್ಕಿಂತ ಮೊದಲು ಇದನ್ನು ಸರಿಮಾಡಿಕೊಳ್ಳಿ. ಇಲ್ಲಿ ತಪ್ಪಿದರೆ ಮುಂದಿನ ಪಟ್ಟಿಯೆಲ್ಲ ದಂಡ.

ನಕ್ಷತ್ರ ಅಂದರೆ ಆ ಗಳಿಗೆಯಲ್ಲಿ ಚಂದ್ರ ಎಲ್ಲಿದ್ದಾನೆ ಅನ್ನುವ ಲೆಕ್ಕ. ಒಂದು ಗಳಿಗೆಗೆ ಇಡೀ ಭೂಮಿಗೆ ಒಂದೇ ನಕ್ಷತ್ರ. ಹುಟ್ಟಿದ ಊರು ಬೇಕಾಗುವುದು ಲಗ್ನ ಹಾಕುವಾಗ. ಹಾಗಾಗಿ ಆಸ್ಪತ್ರೆಯವರು ಬರೆದ ಹೊತ್ತನ್ನು ಭಾರತದ ಹೊತ್ತಿಗೆ ತಿರುಗಿಸಿಕೊಂಡು ಮನೆಯ ಪಂಚಾಂಗ ನೋಡಿದರೆ ಸಾಕು.

27 ನಕ್ಷತ್ರ, ಒಂದೊಂದಕ್ಕೆ ನಾಲ್ಕು ಪಾದ, ಪಾದಕ್ಕೊಂದರಂತೆ ಒಟ್ಟು 108 ಅಕ್ಷರ. ಒಂದು ಪಾದ ಸುಮಾರು ಆರು ಗಂಟೆ ಇರುತ್ತದೆ. ಸ್ವಾತಿಯ ನಾಲ್ಕು ಪಾದಕ್ಕೆ ರು, ರೆ, ರೊ, ತ. ಅದರ ನಂತರದ ವಿಶಾಖಕ್ಕೆ ತಿ, ತು, ತೆ, ತೊ.

ನಮ್ಮ ಮಗು ಹುಟ್ಟಿದ್ದು ಅಲ್ಲಿನ ಗಡಿಯಾರದಲ್ಲಿ ರಾತ್ರಿ 11:40ಕ್ಕೆ. ಬೇಸಿಗೆ ಕಾಲ. ಜರ್ಮನಿಯಲ್ಲಿ ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿರುತ್ತಾರೆ. ಆಗ ನಮಗೂ ಅವರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಚಳಿಗಾಲದಲ್ಲಿ ನಾಲ್ಕೂವರೆ. ಅಂದರೆ ಮಗು ಹುಟ್ಟಿದಾಗ ಇಲ್ಲಿ ಬೆಳಗಿನ ಜಾವ 3:10. ಪಂಚಾಂಗದಲ್ಲಿ ಸ್ವಾತಿ ಮುಗಿಯುವುದು 4:05ಕ್ಕೆ ಅಂತಿತ್ತು. ಶುರುವಾಗಿದ್ದು ಹಿಂದಿನ ದಿನ 4:45ಕ್ಕೆ. ಒಟ್ಟು 23 ಗಂಟೆ 20 ನಿಮಿಷ. ನಾಲ್ಕು ಪಾಲು ಮಾಡಿದರೆ ಒಂದು ಪಾದಕ್ಕೆ 5 ಗಂಟೆ 50 ನಿಮಿಷ. ಕೊನೆಯ ಪಾದ ರಾತ್ರಿ 10:15ರಿಂದ 4:05ರವರೆಗೆ. ಮಗು ಅದರೊಳಗೆ ಬಂತು. ಅಕ್ಷರ ‘ತ’.

ಮೊದಲ ಸಲ ತಂಗಿಯ ಗಂಡ ಅಭ್ಯಾಸದ ಮೇಲೆ ನಾಲ್ಕೂವರೆ ಗಂಟೆ ಕೂಡಿಸಿದ್ದರು. ಆಗ 4:10 ಆಯಿತು. ಐದು ನಿಮಿಷದಲ್ಲಿ ಸ್ವಾತಿ ದಾಟಿ ವಿಶಾಖ, ‘ತಿ’ ಅಕ್ಷರ. ಎರಡು ದಿನ ಎಲ್ಲರೂ ‘ತಿ’ಯ ಹೆಸರನ್ನೇ ಹುಡುಕಿದೆವು. ಅಮೆರಿಕದವರಿಗೂ ಇದೇ ಗೋಳು. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ.

ಇನ್ನೊಂದು ಮಾತು. ದೃಗ್ಗಣಿತದ ಪಂಚಾಂಗಕ್ಕೂ ಸೂರ್ಯಸಿದ್ಧಾಂತದ ಪಂಚಾಂಗಕ್ಕೂ ನಕ್ಷತ್ರ ಮುಗಿಯುವ ಹೊತ್ತಿನಲ್ಲಿ ವ್ಯತ್ಯಾಸ ಇರುತ್ತದೆ. ಮಗು ಎರಡು ಪಾದಗಳ ಗಡಿಯಲ್ಲಿ ಹುಟ್ಟಿದ್ದರೆ ನಿಮ್ಮ ಮನೆಯ ಪುರೋಹಿತರು ಯಾವುದನ್ನು ಅನುಸರಿಸುತ್ತಾರೋ ಅದನ್ನೇ ಹಿಡಿಯಿರಿ. ಮೊಬೈಲಿನಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಅಂತ ಬಂದರೆ ನಾಮಕರಣದ ದಿನ ಜಗುಲಿಯಲ್ಲಿ ಅದೇ ಚರ್ಚೆ ಆಗುತ್ತದೆ.

‘ತ’ ಅಂದರೆ ‘ತಾ’ ಆಗುತ್ತದಾ? ‘ತು’ ಆಗುತ್ತದಾ?

‘ತ’ ಮತ್ತು ‘ತಾ’ ಎರಡನ್ನೂ ಒಂದೇ ಅಂತ ಹೆಚ್ಚಿನವರು ಒಪ್ಪುತ್ತಾರೆ. ‘ತು’ ವಿಶಾಖದ ಎರಡನೇ ಪಾದದ್ದು, ಅದು ಬೇರೆ. ನಮ್ಮಲ್ಲಿ ಈ ಪ್ರಶ್ನೆ ಜೋರಾಗಿಯೇ ಎದ್ದಿತು. ಮಗುವಿನ ಅಜ್ಜಯ್ಯನ ಮನೆ ಇರುವುದು ತುಂಗೆಯ ದಂಡೆಯ ಮೇಲೆ. ಅವರಿಗೆ ‘ತುಂಗಾ’ ಅಂತ ಇಡುವ ಆಸೆ. ವ್ಯಂಜನ ಒಂದೇ ಆದರೆ ಸ್ವರ ಯಾವುದಾದರೂ ಆಗಲಿ ಅನ್ನುವ ಪುರೋಹಿತರೂ ಇದ್ದಾರೆ. ನಮ್ಮ ಭಟ್ಟರು ಒಪ್ಪಲಿಲ್ಲ.

ಕೆಲವು ಪಾದಕ್ಕೆ ಙ, ಞ, ಣ ಬರುತ್ತವೆ. ಅವುಗಳಿಂದ ಹೆಸರೇ ಇಲ್ಲ. ಆಗ ಹತ್ತಿರದ ಅಕ್ಷರ ಯಾವುದು ಅಂತ ಪುರೋಹಿತರೇ ಹೇಳುತ್ತಾರೆ. ನೀವೇ ಊಹಿಸಿಕೊಂಡು ಪಟ್ಟಿ ಮಾಡಬೇಡಿ.

ಕರೆಯುವ ಹೆಸರೇ ಆ ಅಕ್ಷರದಲ್ಲಿ ಇರಬೇಕಾ?

ಇರಲೇಬೇಕು ಅಂತೇನಿಲ್ಲ. ನಾಮಕರಣದಲ್ಲಿ ನಕ್ಷತ್ರನಾಮ, ಮಾಸನಾಮ, ದೇವತಾನಾಮ, ವ್ಯಾವಹಾರಿಕ ನಾಮ ಅಂತ ಬೇರೆ ಬೇರೆ ಹೆಸರು ಇಡುತ್ತಾರೆ. ಅಕ್ಷರವನ್ನು ನಕ್ಷತ್ರನಾಮಕ್ಕೆ ಬಿಟ್ಟು, ಕಾಗದದ ಮೇಲಿನ ಹೆಸರನ್ನು ಇಷ್ಟಬಂದ ಹಾಗೆ ಇಡುವ ಮನೆಗಳು ಎಷ್ಟೋ ಇವೆ. ನಿಮ್ಮ ಅಕ್ಷರ ‘ಢ’ ಅಥವಾ ‘ಝ’ ಆಗಿದ್ದರೆ ಇದೇ ಒಳ್ಳೆಯ ದಾರಿ. ಆದರೆ ತಟ್ಟೆಯ ಅಕ್ಕಿಯಲ್ಲಿ ಬರೆಯುವ ಮುಂಚೆ ಹಿರಿಯರಿಗೆ ಹೇಳಿ ಒಪ್ಪಿಸಿ. ನಮ್ಮ ಮನೆಯಲ್ಲಿ ಕರೆಯುವ ಹೆಸರೇ ಆ ಅಕ್ಷರದಲ್ಲಿ ಬೇಕು ಅಂದರು. ಅದಕ್ಕೇ ಈ ಕಸರತ್ತು.

ಹೊರದೇಶದವರ ಬಾಯಲ್ಲಿ ‘ತ’ ಏನಾಗುತ್ತದೆ?

‘ಹೊರದೇಶ’ ಅಂತ ಒಂದು ಬಾಯಿ ಇಲ್ಲ. ಮೊದಲು ದೇಶ ಹೇಳಿ, ಆಮೇಲೆ ಹೆಸರು ನೋಡೋಣ. ಫೋನ್ ಮಾಡಿದವರಿಗೆಲ್ಲ ನಾನು ಹೇಳುವ ಮೊದಲ ಮಾತು ಇದು.

ಇಂಗ್ಲಿಷಿನವರ T ನಮ್ಮ ‘ಟ’ಕ್ಕೆ ಹತ್ತಿರ. ಜರ್ಮನ್ನರದೂ ಹಾಗೇ, ಜೊತೆಗೆ ಸ್ವಲ್ಪ ಉಸಿರು ಸೇರುತ್ತದೆ. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್ ಮಾತಾಡುವವರು ನಾಲಿಗೆಯನ್ನು ಹಲ್ಲಿಗೇ ತಾಗಿಸುತ್ತಾರೆ. ಅವರ ಬಾಯಲ್ಲಿ ಅಪ್ಪಟ ನಮ್ಮ ‘ತ’ ಬರುತ್ತದೆ.

ಹಾಗಾದರೆ Th ಅಂತ ಬರೆದರೆ? ನಾವು ಕನ್ನಡಿಗರು ‘ತ’ಕ್ಕೆ Th ಬರೆಯುವವರು. ಸವಿತಾ ಅಂದರೆ Savitha, ತೀರ್ಥಹಳ್ಳಿ ಅಂದರೆ Thirthahalli. ಇಂಗ್ಲಿಷಿನವನು ಅದನ್ನು ನೋಡಿದ ಕೂಡಲೇ ನಾಲಿಗೆಯನ್ನು ಹಲ್ಲುಗಳ ನಡುವೆ ತಂದು ಗಾಳಿ ಬಿಡುತ್ತಾನೆ, think ಅನ್ನುವಾಗ ಬರುವ ಸದ್ದು. ಜರ್ಮನಿಯಲ್ಲಿ Th ಅಂದರೆ ಬರೀ T. ಅಂದರೆ Th ಬರೆದು ಅಲ್ಲಿ ಏನೂ ಲಾಭವಿಲ್ಲ, ಇಂಗ್ಲಿಷಿನಲ್ಲಿ ನಷ್ಟ. ಹೆಸರಿನ ಮೊದಲ ಅಕ್ಷರ ‘ತ’ ಇದ್ದರೆ ಬರೀ T ಬರೆಯಿರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಒಂದು ಕಡೆ ಮಾತ್ರ Th ಕೈ ಹಿಡಿಯುತ್ತದೆ. ರಕ್ಷಿತ್, ಹರ್ಷಿತ್ ಅಂಥ ಹುಡುಗರ ಹೆಸರು t ಯಲ್ಲಿ ಮುಗಿದರೆ ಕೊನೆಯ ನಾಲ್ಕಕ್ಷರ ಇಂಗ್ಲಿಷಿನ ಕೆಟ್ಟ ಪದವಾಗುತ್ತದೆ. ಶಾಲೆಯಲ್ಲಿ ಮಕ್ಕಳು ಬಿಡುವುದಿಲ್ಲ. h ಸೇರಿಸಿದರೂ ಆ ನಾಲ್ಕಕ್ಷರ ಒಳಗೇ ಉಳಿಯುತ್ತವೆ, ಎದ್ದು ಕಾಣುವುದು ಸ್ವಲ್ಪ ಕಡಿಮೆ ಆಗುತ್ತದೆ ಅಷ್ಟೆ.

ಒಟ್ಟಿನಲ್ಲಿ ಜರ್ಮನಿಯಲ್ಲಿ, ಇಂಗ್ಲೆಂಡಿನಲ್ಲಿ, ಅಮೆರಿಕದಲ್ಲಿ ‘ತ’ ಹೋಗಿ ‘ಟ’ ಆಗೇ ಆಗುತ್ತದೆ. ಇದನ್ನು ಅಜ್ಜ ಅಜ್ಜಿಗೆ ಮೊದಲೇ ಹೇಳಿಬಿಡಿ. ಆ ಬದಲಾವಣೆ ಒಪ್ಪಿಗೆಯಾದರೆ, ಮೊದಲ ಅಕ್ಷರದ ನಂತರ ಬರುವ ಸ್ವರ ಏನಾಗುತ್ತದೆ ಅನ್ನುವುದೇ ನಿಜವಾದ ಪ್ರಶ್ನೆ.

ಸ್ವರದಲ್ಲಿ ಏನು ತೊಂದರೆ?

ಇಂಗ್ಲಿಷ್ ಓದುವವರು a ನಂತರ ಎರಡು ವ್ಯಂಜನ ಕಂಡರೆ ಸಾಮಾನ್ಯವಾಗಿ ‘ಆ್ಯ’ ಅನ್ನುತ್ತಾರೆ. Tanvi ಅವರಿಗೆ ‘ಟ್ಯಾನ್‌ವಿ’. Tanmayi ‘ಟ್ಯಾನ್‌ಮೇಯಿ’. ಜರ್ಮನ್ನರು ಹೀಗೆ ಮಾಡುವುದಿಲ್ಲ. ಅವರ a ನಮ್ಮ ಅ, ಆ ಇದ್ದ ಹಾಗೇ. ಸ್ವರದ ಮಟ್ಟಿಗೆ ಕನ್ನಡದ ಹೆಸರಿಗೆ ಜರ್ಮನಿ ತುಂಬ ಸಲೀಸು. ಆದರೆ ಅವರ ವ್ಯಂಜನ ಕೈ ಕೊಡುತ್ತದೆ. V ಯನ್ನು ಎಷ್ಟೋ ಸಲ ‘ಫ’ ಅನ್ನುತ್ತಾರೆ, J ಯನ್ನು ‘ಯ’ ಅನ್ನುತ್ತಾರೆ, ಸ್ವರದ ಮುಂದಿನ S ಅನ್ನು ಇಂಗ್ಲಿಷಿನ z ಹಾಗೆ ಗುಂಯ್‌ಗುಟ್ಟಿಸುತ್ತಾರೆ. ಅಲ್ಲಿ ತನ್ವಿ ‘ಟಾನ್ಫಿ’ ಆಗಬಹುದು, ತನುಜಾ ‘ಟಾನುಯಾ’. ಅದೇ ತನುಜಾ ಸ್ಪೇನಿಗೆ ಹೋದರೆ ‘ತಾನುಹಾ’.

ದೇಶ ಮೊದಲು ಅಂದದ್ದು ಇದಕ್ಕೇ. ತನ್ವಿಗೆ ಇಂಗ್ಲೆಂಡಿನಲ್ಲಿ ಸ್ವರ ಕೆಡುತ್ತದೆ, ಜರ್ಮನಿಯಲ್ಲಿ ವ್ಯಂಜನ ಕೆಡುತ್ತದೆ.

ಪಟ್ಟಿಯನ್ನು ಹೇಗೆ ಇಳಿಸುತ್ತಾ ಬಂದಿರಿ?

ಮನೆಯವರೆಲ್ಲ ಸೇರಿ ಬರೆದದ್ದು ಹದಿನಾಲ್ಕು ಹೆಸರು: ತಾರಾ, ತಾರಿಣಿ, ತನ್ವಿ, ತನ್ಮಯಿ, ತನುಜಾ, ತನುಶ್ರೀ, ತನಯಾ, ತನಿಷಾ, ತಪತಿ, ತಪಸ್ಯಾ, ತರಂಗಿಣಿ, ತರಲಾ, ತರುಣಿ, ತಾನ್ಯಾ.

ಮೊದಲು ಕನ್ನಡದ ಕಿವಿಯಿಂದ ನೋಡಿದೆವು. ವಿದೇಶದ ಉಚ್ಚಾರ ಆಮೇಲಿನ ಮಾತು. ಇಲ್ಲಿನ ಅಂಗಳದಲ್ಲಿ ಕೂಗಿದಾಗ ಚೆನ್ನಾಗಿಲ್ಲದ ಹೆಸರು ಎಲ್ಲಿಗೆ ಹೋದರೂ ನಮ್ಮದಾಗುವುದಿಲ್ಲ. ತರಲಾ ಅಂತ ಇಟ್ಟರೆ ಮೂರನೇ ದಿನಕ್ಕೆ ‘ತರಲೆ’ ಆಗುತ್ತದೆ, ಅಲ್ವಾ? ಹೋಯಿತು. ತರುಣಿ ದಿನಬಳಕೆಯ ಪದ, ಹೆಸರಿನ ಹಾಗೆ ಕೇಳುವುದಿಲ್ಲ. ತನಿಷಾ ಇಂಟರ್‌ನೆಟ್ಟಿನ ಪಟ್ಟಿಯಿಂದ ಬಂದದ್ದು. ಅಲ್ಲಿ ಏನೋ ಚೆಂದದ ಅರ್ಥ ಕೊಟ್ಟಿದ್ದರು. ನಮ್ಮ ಕೈಯಲ್ಲಿದ್ದ ಕನ್ನಡ ಮತ್ತು ಸಂಸ್ಕೃತ ನಿಘಂಟಿನಲ್ಲಿ ಆ ಪದ ಸಿಗಲಿಲ್ಲ. ಹೆಸರಿನ ವೆಬ್‌ಸೈಟುಗಳ ಅರ್ಥವನ್ನು ನಿಘಂಟಿನಲ್ಲಿ ನೋಡದೆ ನಂಬಬೇಡಿ. ಮಗು ದೊಡ್ಡದಾಗಿ ‘ನನ್ನ ಹೆಸರಿನ ಅರ್ಥ ಏನು’ ಅಂತ ಕೇಳಿದಾಗ ನಿಜವಾದ ಉತ್ತರ ಇರಬೇಕು.

ಉಳಿದದ್ದು ಹನ್ನೊಂದು. ಅವನ್ನು ತಂಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಅಲ್ಲಿನ ಮೂವರ ಮುಂದಿಟ್ಟಳು. ಪಕ್ಕದ ಮನೆಯ ಅಜ್ಜಿ, ಆಫೀಸಿನ ಒಬ್ಬ ಗೆಳತಿ, ಇಂಗ್ಲೆಂಡಿನಿಂದ ಬಂದ ಒಬ್ಬ ಸಹೋದ್ಯೋಗಿ. ಬಾಯಿ ಬಿಟ್ಟು ಹೇಳಲಿಲ್ಲ, ಬರೀ ಕಾಗದ ಕೊಟ್ಟಳು. ಅವರು ಓದಿದ್ದನ್ನು ಕನ್ನಡದಲ್ಲೇ ಬರೆದುಕೊಂಡಳು. ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಎಲ್ಲಿ ತಪ್ಪಿತು ಅನ್ನುವುದು ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಒಂದು ಸಲ ಸರಿಯಾಗಿ ಹೇಳಿಕೊಟ್ಟು, ಹತ್ತು ನಿಮಿಷ ಬೇರೆ ಮಾತಾಡಿ, ಮತ್ತೆ ಅದೇ ಕಾಗದ ಓದಿಸಿದಳು.

ಈ ಎರಡನೇ ಓದು ಮುಖ್ಯ. ಮೊದಲ ಸಲ ತಪ್ಪುವುದು ಯಾವ ಹೆಸರಿಗೂ ಸಹಜ. ಒಂದು ಸಲ ಹೇಳಿಕೊಟ್ಟ ಮೇಲೆ ಸರಿಯಾದರೆ ಆ ಹೆಸರು ಅಲ್ಲಿ ಬದುಕುತ್ತದೆ. ಆಮೇಲೂ ತಪ್ಪಿದರೆ ಮಗು ಬದುಕಿಡೀ ತಿದ್ದುತ್ತಾ ಇರಬೇಕು. ಕೊನೆಗೆ ತಾನೇ ಬೇರೆ ಹೆಸರು ಇಟ್ಟುಕೊಳ್ಳುತ್ತದೆ.

ತರಂಗಿಣಿ ಇಲ್ಲೇ ಬಿತ್ತು. ಜರ್ಮನ್ನರ ng ಯಲ್ಲಿ ‘ಗ’ ಕೇಳುವುದೇ ಇಲ್ಲ, ಬರೀ ಮೂಗಿನ ಸದ್ದು. ಹೇಳಿಕೊಟ್ಟರೂ ‘ಗ’ ಬರಲಿಲ್ಲ. ತನುಶ್ರೀಯ ‘ಶ್ರೀ’ ಇಬ್ಬರಿಗೆ ಕಷ್ಟವಾಯಿತು. ತನುಜಾ ಎರಡನೇ ಓದಿನಲ್ಲೂ ‘ಟಾನುಯಾ’. ತಪತಿ ಸೂರ್ಯನ ಮಗಳ ಹೆಸರು, ಮಹಾಭಾರತದ್ದು, ನನಗೆ ತುಂಬ ಇಷ್ಟವಿತ್ತು. ಒಬ್ಬೊಬ್ಬರೂ ಒಂದೊಂದು ಕಡೆ ಒತ್ತು ಕೊಟ್ಟರು, ಒಂದೂ ನಿಲ್ಲಲಿಲ್ಲ. ತನ್ಮಯಿ ಪಕ್ಕದ ಮನೆ ಅಜ್ಜಿಗೆ ಸರಿ ಬಂತು, ಇಂಗ್ಲೆಂಡಿನವರಿಗೆ ಬರಲಿಲ್ಲ.

ಉಚ್ಚಾರ ಸರಿ ಇದ್ದರೂ ಬಿಡಬೇಕಾದ ಹೆಸರು ಇದೆಯಾ?

ಇದೆ. ಆ ಪದಕ್ಕೆ ಅಲ್ಲಿ ಬೇರೆ ಅರ್ಥ ಇದೆಯಾ ಅಂತ ನೋಡಬೇಕು. Tapasya ಅಂತ ಬರೆದರೆ ಯುರೋಪಿನವರಿಗೆ ಮೊದಲು ಕಾಣುವುದು tapas, ಸ್ಪೇನಿನ ಕುರುಕಲು ತಿಂಡಿ. ಕೆಟ್ಟದ್ದೇನೂ ಅಲ್ಲ, ಆದರೆ ಪ್ರತಿ ಸಲ ಅದೇ ತಮಾಷೆ ಕೇಳಬೇಕು. ತಾನ್ಯಾ ಅಂದರೆ ಎಲ್ಲರೂ ರಷ್ಯಾದ ಹೆಸರು ಅಂದುಕೊಳ್ಳುತ್ತಾರೆ. ಅಜ್ಜಯ್ಯ “ಅದು ನಮ್ಮ ಹೆಸರಲ್ಲ” ಅಂದುಬಿಟ್ಟರು. ಬೇರೆ ಅಕ್ಷರದವರಿಗೂ ಒಂದು ಎಚ್ಚರಿಕೆ: ಫಣಿ ಅನ್ನುವ ನಮ್ಮ ಹಳೆಯ ಹೆಸರು ಇಂಗ್ಲೆಂಡಿನಲ್ಲಿ ಅಸಭ್ಯ ಪದದ ಹಾಗೆ ಕೇಳುತ್ತದೆ. ಇದನ್ನು ಗೂಗಲ್ ಹೇಳುವುದಕ್ಕಿಂತ ಅಲ್ಲಿಯ ಶಾಲೆಗೆ ಹೋಗುವ ಮಕ್ಕಳು ಚೆನ್ನಾಗಿ ಹೇಳುತ್ತಾರೆ.

ಹಾಗಾದರೆ ತಾರಾ ಇಟ್ಟರೆ ಮುಗಿಯಿತಲ್ಲ?

ಎಲ್ಲರೂ ಹೀಗೇ ಅಂದರು. ತಾರಾ ಒಳ್ಳೆಯ ಹೆಸರೇ. ಐರ್ಲೆಂಡಿನಲ್ಲಿ ತಾರಾ ಅನ್ನುವ ಹೆಸರಾಂತ ಗುಡ್ಡವೇ ಇದೆ, ಅಲ್ಲಿ ಹೆಣ್ಣುಮಕ್ಕಳಿಗೂ ಆ ಹೆಸರು ಇಡುತ್ತಾರೆ. ಆದರೆ ಅಮೆರಿಕದಲ್ಲಿ Tara ನೋಡಿದವರು ಬಹಳ ಮಂದಿ ‘ಟೆರಾ’ ಅನ್ನುತ್ತಾರೆ. ಅಲ್ಲಿ ಆ ಹೆಸರಿಗೆ ಅದು ಮೊದಲೇ ಗಟ್ಟಿಯಾಗಿ ಕೂತಿದೆ. ಗೊತ್ತಿರುವ ಹೆಸರನ್ನು ತಿದ್ದುವುದು ಗೊತ್ತಿಲ್ಲದ ಹೆಸರನ್ನು ಕಲಿಸುವುದಕ್ಕಿಂತ ಕಷ್ಟ. ಜರ್ಮನಿಯಲ್ಲಿ ಉಚ್ಚಾರ ಸಲೀಸು, ಆದರೆ Tara ಅಂದರೆ ಅಲ್ಲಿ ತೂಕ ಹಾಕುವಾಗ ಕಳೆಯುವ ಡಬ್ಬದ ತೂಕ. ತಕ್ಕಡಿಯ ಗುಂಡಿಯ ಮೇಲೂ ಕಾಣುತ್ತದೆ. ತಂಗಿಗೆ ಅದು ಹಿಡಿಸಲಿಲ್ಲ. ನಿಮ್ಮ ಮಗು ಇರುವುದು ಡಬ್ಲಿನ್‌ನಲ್ಲಾದರೆ ನಾನು ಕಣ್ಣು ಮುಚ್ಚಿ ತಾರಾ ಅನ್ನುತ್ತೇನೆ.

ಕೊನೆಗೆ ಉಳಿದದ್ದು ಯಾವುದು?

ತನ್ವಿ, ತನಯಾ, ತಾರಿಣಿ. ತನ್ವಿಯಲ್ಲಿ V ತೊಂದರೆ ಹೋಗಲೇ ಇಲ್ಲ. ತನಯಾ ಎರಡನೇ ಓದಿನಲ್ಲಿ ಮೂವರಿಗೂ ಸರಿ ಬಂತು. ಅದಕ್ಕೆ ಅರ್ಥ ‘ಮಗಳು’ ಅಂತ ಅಷ್ಟೇ. ತಾರಿಣಿ ಅಂದರೆ ದಾಟಿಸುವವಳು.

Tarini ಯನ್ನು ಇಂಗ್ಲೆಂಡಿನವರು ಮೊದಲು ‘ಟರೀನಿ’ ಅಂತ ನಡುವೆ ಎಳೆದು ಓದಿದರು. ಹೇಳಿಕೊಟ್ಟ ಮೇಲೆ ‘ಟಾರಿನಿ’. ಜರ್ಮನಿಯ ಅಜ್ಜಿ ಮೊದಲ ಸಲವೇ ‘ಟಾರಿನಿ’ ಅಂದರು. ‘ಣ’ ಯಾರಿಗೂ ಬರಲಿಲ್ಲ, ‘ನ’ ಆಯಿತು. ‘ಣ’ ಹೋದರೆ ಹೆಸರು ಕೆಡುವುದಿಲ್ಲ. ಬೆಂಗಳೂರಿನಲ್ಲೂ ಎಷ್ಟೋ ಜನ ಹಾಗೇ ಅನ್ನುತ್ತಾರೆ. ಫೋನಿನಲ್ಲಿ ಹೆಸರು ಹೇಳಿ ಬರೆಯಿರಿ ಅಂದಾಗ ಮೂವರೂ ಒಂದೇ ರೀತಿ, ಆರೇ ಅಕ್ಷರ ಬರೆದರು.

ಅರ್ಥ ಕೇಳಿ ಅಜ್ಜಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ಹುಡುಗರಾಗಿದ್ದಾಗ ಮಳೆಗಾಲದಲ್ಲಿ ತುಂಗೆ ದಾಟಲು ದೋಣಿಯೇ ಗತಿ. “ದಾಟಿಸುವವಳು ಅಂದರೆ ನಮ್ಮ ಹೊಳೆಗೂ ಆಯ್ತಲ್ಲ” ಅಂದರು. ತುಂಗಾ ಅನ್ನುವುದನ್ನು ಎರಡನೇ ಹೆಸರಾಗಿ ಕಾಗದದಲ್ಲಿ ಸೇರಿಸಿದೆವು.

Taarini, Tharini, Tarinee… ಯಾವ ಸ್ಪೆಲಿಂಗ್?

ಚಿಕ್ಕದು. ಸಂಖ್ಯಾಶಾಸ್ತ್ರಕ್ಕಾಗಿ ಸೇರಿಸಿದ ಒಂದೊಂದು ಅಕ್ಷರವೂ ಓದುವವರನ್ನು ಎಡವಿಸುತ್ತದೆ. ಕೊನೆಯಲ್ಲಿ ಒಂಟಿ e ಬೇಡವೇ ಬೇಡ, ಇಂಗ್ಲಿಷಿನವರು ಅದನ್ನು ನುಂಗಿಬಿಡುತ್ತಾರೆ. ಇಂಗ್ಲಿಷ್ ದೇಶದಲ್ಲಿದ್ದರೆ ದೀರ್ಘ ತೋರಿಸಲು aa ಇಡಬಹುದು. ಇಟ್ಟರೆ ಎಲ್ಲ ಕಾಗದದಲ್ಲೂ ಅದೇ ಇರಬೇಕು.

ಹೆಸರು ಗೊತ್ತುಮಾಡಲು ಎಷ್ಟು ದಿನ ಸಿಗುತ್ತದೆ?

ದೇಶಕ್ಕೆ ತಕ್ಕ ಹಾಗೆ. ಜರ್ಮನಿಯಲ್ಲಿ ಹುಟ್ಟಿದ್ದನ್ನು ಒಂದು ವಾರದಲ್ಲಿ ತಿಳಿಸಬೇಕು, ಹೆಸರನ್ನು ಒಂದು ತಿಂಗಳೊಳಗೆ ಕೊಡಬಹುದು. ಇಂಗ್ಲೆಂಡಿನಲ್ಲಿ ನೋಂದಣಿಗೆ 42 ದಿನ. ಅಮೆರಿಕದಲ್ಲಿ ಸಾಮಾನ್ಯವಾಗಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುಂಚೆಯೇ ಫಾರಂ ತುಂಬಿಸುತ್ತಾರೆ. ಅಲ್ಲಿರುವವರು ಹನ್ನೊಂದನೇ ದಿನದ ನಾಮಕರಣಕ್ಕೆ ಕಾಯಲು ಆಗುವುದಿಲ್ಲ. ಅಕ್ಷರ ಮೊದಲೇ ಗೊತ್ತಿರುವುದಿಲ್ಲ, ಆದರೆ ಪುರೋಹಿತರ ಫೋನ್ ನಂಬರ್, ಓದಿಸಿ ನೋಡಲು ಮೂರು ಜನ, ಮನೆಯವರ ಒಪ್ಪಿಗೆಯ ಷರತ್ತು ಇವನ್ನು ಏಳನೇ ತಿಂಗಳಲ್ಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು.

ಮಗು ಶಿವಮೊಗ್ಗದಲ್ಲೇ ಹುಟ್ಟಿ ಆಮೇಲೆ ಹೊರಡುವುದಾದರೆ ಅವಸರವಿಲ್ಲ. ಜನನ ನೋಂದಣಿ 21 ದಿನದಲ್ಲಿ ಆಗಬೇಕು. ಹೆಸರನ್ನು ಖಾಲಿ ಬಿಟ್ಟು 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆದರೆ ಸ್ಪೆಲಿಂಗ್ ಎರಡು ಸಲ ನೋಡಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ.

ಇನಿಷಿಯಲ್ ಸಾಕಾ, ಸರ್‌ನೇಮ್ ಬೇಕಾ?

ಬೇಕು. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಎರಡೂ ಇನಿಷಿಯಲ್ ಆಗಿ ಹೋಗುತ್ತವೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಮಗುವಿನ ಹೆಸರು ಸರ್‌ನೇಮ್ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ FNU, ಅಂದರೆ ‘ಹೆಸರು ಗೊತ್ತಿಲ್ಲ’ ಅಂತ ಬೀಳುತ್ತದೆ. ಇಷ್ಟು ಕಷ್ಟಪಟ್ಟು ಆರಿಸಿದ ಹೆಸರನ್ನು ಬಿಟ್ಟು ಅದನ್ನೇ ಕೂಗುತ್ತಾರೆ. ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಪೂರ್ತಿ ಬರೆಯಿರಿ. ಊರಿನ ಹೆಸರಾದರೆ ಅದನ್ನೂ ಅದೇ ಮೂವರಿಗೆ ಒಮ್ಮೆ ಓದಿಸಿ. ನಮ್ಮ ಮಲೆನಾಡಿನ ‘ಹಳ್ಳಿ’ಯ ‘ಳ್ಳಿ’ ಅಲ್ಲಿ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ತಂಗಿ ಮನೆಯವರು ಅಪ್ಪನ ಹೆಸರನ್ನೇ ಇಟ್ಟರು.